ಗ್ರಾಹಕರ ಮಾತನ್ನು ಕರಪತ್ರಕ್ಕೆ ಹಾಕುವ ಮುನ್ನ

ನಮ್ಮ ಅತ್ತಿಗೆ ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತಾರೆ. ಈ ಸಲ ಕರಪತ್ರ ಹೊಡೆಸೋಣ ಅಂತ ಹೊರಟಾಗ, ಗೂಗಲ್‌ನಲ್ಲಿದ್ದ ವಿಮರ್ಶೆಗಳಿಂದ ಮೂರು ಒಳ್ಳೆಯ ಮಾತು ಆರಿಸಿ ಕೊಡು ಅಂದರು. ಐದೇ ನಿಮಿಷದ ಕೆಲಸ ಅಂದುಕೊಂಡಿದ್ದೆ. ಒಂದು ವಾರ ಹಿಡಿಯಿತು.

ಮೊದಲು ಎಲ್ಲವನ್ನೂ ಬರೆದುಕೊಳ್ಳಿ

ಚೆಂದ ಕಂಡದ್ದನ್ನು ನೋಡಿದ ತಕ್ಷಣ ಎತ್ತಿಕೊಳ್ಳಬೇಡಿ. ಕಳೆದ ಒಂದು ವರ್ಷದ ಎಲ್ಲ ವಿಮರ್ಶೆಗಳನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ: ತಾರೀಖು, ಎಷ್ಟು ಸ್ಟಾರ್, ಯಾವುದರ ಬಗ್ಗೆ ಮಾತು. ನಮಗೆ ಸಿಕ್ಕಿದ್ದು 47. ಐದು ಸ್ಟಾರ್ 26, ನಾಲ್ಕು 9, ಮೂರು 5, ಎರಡು 4, ಒಂದು 3. ಸರಾಸರಿ 4.1.

ಆಮೇಲೆ ನಮ್ಮವರನ್ನು ತೆಗೆಯಬೇಕು. ಐದು ಸ್ಟಾರ್ ಕೊಟ್ಟವರಲ್ಲಿ ಮೂವರು ನಮ್ಮ ನೆಂಟರೇ, ಒಬ್ಬರಂತೂ ದುಡ್ಡು ಕೊಟ್ಟು ತಗೊಂಡವರೂ ಅಲ್ಲ. ಅವರನ್ನು ಬಿಟ್ಟರೆ 44 ಉಳಿಯಿತು, ಸರಾಸರಿ 4.0ಕ್ಕೆ ಇಳಿಯಿತು. ಅತ್ತಿಗೆಯ ಮುಖವೂ ಸ್ವಲ್ಪ ಇಳಿಯಿತು. ಆದರೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಹೊಗಳುವ ಮಾತು ಹೊಗಳಿದವರ ನಿಜವಾದ, ಈಚಿನ ಅಭಿಪ್ರಾಯವೇ ಆಗಿರಬೇಕು. ಅವರಿಗೆ ವಸ್ತುವಿನ ಅನುಭವವೋ ಸಾಕಷ್ಟು ಮಾಹಿತಿಯೋ ಇರಬೇಕು. ಮಾರುವವರ ಜೊತೆ ಮಾತಿನ ತೂಕ ಬದಲಿಸುವಂಥ ನಂಟಿದ್ದರೆ ಅದನ್ನು ತಿಳಿಸಬೇಕು.

ಆರಿಸುವ ಬಗೆ

44ರಲ್ಲಿ 29 ಜನ ರುಚಿಯ ಬಗ್ಗೆ ಒಳ್ಳೆಯದು ಬರೆದಿದ್ದರು. 9 ಜನ ಉಪ್ಪು ಜಾಸ್ತಿ ಅಂದಿದ್ದರು. 7 ಜನರ ಡಬ್ಬಿ ದಾರಿಯಲ್ಲಿ ಸೋರಿತ್ತು. ಒಬ್ಬರು ಮಾತ್ರ 'ಪ್ಯಾಕಿಂಗ್ ಸೂಪರ್' ಅಂತ ಬರೆದಿದ್ದರು. ಅತ್ತಿಗೆಯ ಕಣ್ಣು ನೇರವಾಗಿ ಅದರ ಮೇಲೇ ಬಿತ್ತು!

ಆ ಮಾತು ಸುಳ್ಳಲ್ಲ, ಆ ಗ್ರಾಹಕರಿಗೆ ಡಬ್ಬಿ ಸರಿಯಾಗಿಯೇ ತಲುಪಿತ್ತು. ಆದರೂ ಅದನ್ನು ಹಾಕುವ ಹಾಗಿಲ್ಲ. ಓದುವವರು ಎಲ್ಲರಿಗೂ ಹೀಗೇ ಬರುತ್ತೆ ಅಂದುಕೊಳ್ಳುತ್ತಾರೆ, ಅಲ್ವಾ? ಅದಕ್ಕೆ ನಾನೊಂದು ಲೆಕ್ಕ ಇಟ್ಟುಕೊಂಡೆ. ಒಂದು ಮಾತನ್ನು ಎತ್ತಿಕೊಳ್ಳಬೇಕಾದರೆ ಅದನ್ನೇ ಇನ್ನೂ ನಾಲ್ಕೈದು ಜನ ತಮ್ಮ ಮಾತಿನಲ್ಲಿ ಹೇಳಿರಬೇಕು, ಅದಕ್ಕೆ ವಿರುದ್ಧವಾಗಿ ಹೇಳಿದವರು ಅವರಿಗಿಂತ ಕಡಿಮೆ ಇರಬೇಕು. ರುಚಿ ಪಾಸಾಯಿತು, ಪ್ಯಾಕಿಂಗ್ ಫೇಲಾಯಿತು.

ಇನ್ನೊಬ್ಬರು 'ಇದನ್ನು ತಿಂದ ಮೇಲೆ ಹೊಟ್ಟೆಯುಬ್ಬರವೇ ಹೋಯಿತು' ಅಂತ ಬರೆದಿದ್ದರು. ಇಂಥದ್ದನ್ನು ಮುಟ್ಟಲೇಬೇಡಿ. ಕರಪತ್ರದಲ್ಲಿ ಬಂದ ಮೇಲೆ ಅದು ನೀವೇ ಹೇಳಿಕೊಂಡ ಮಾತು. ಪುರಾವೆ ಕೇಳಿದರೆ ಗ್ರಾಹಕರ ಕಡೆ ಬೆರಳು ತೋರಿಸಲಾಗದು.

ಕತ್ತರಿ ಎಲ್ಲಿ ಹಾಕಬೇಕು

ನಾವು ಆರಿಸಿದ ಒಂದು ವಿಮರ್ಶೆ ಹೀಗಿತ್ತು: 'ಆರ್ಡರ್ ಮಾಡಿ ನಾಲ್ಕನೇ ದಿನಕ್ಕೆ ಬಂತು. ಉಪ್ಪು ಸ್ವಲ್ಪ ಮುಂದಿದೆ, ಆದರೆ ಮಿಡಿಯ ಸೊನೆ ಪರಿಮಳ ಅಜ್ಜಿ ಮನೆಯದ್ದೇ.' ಮೊದಲ ವಾಕ್ಯ ಬಿಟ್ಟರೆ ಏನೂ ಕೆಡುವುದಿಲ್ಲ. ಆದರೆ ಉಪ್ಪಿನ ಮಾತು ಕತ್ತರಿಸಿ ಬರೀ ಪರಿಮಳ ಉಳಿಸಿದರೆ ಅವರ ಅಭಿಪ್ರಾಯವೇ ಬದಲಾಗುತ್ತದೆ. 9 ಜನ ಹೇಳಿದ ದೂರು ಅದು. ಉಪ್ಪನ್ನು ಸೇರಿಸಿಯೇ ಹಾಕಿದೆವು. ಅಪ್ಪೆಮಿಡಿ ಗೊತ್ತಿರುವವರಿಗೆ ಅದು ದೂರಾಗಿ ಕಾಣುವುದೂ ಇಲ್ಲ ಬಿಡಿ.

ಕಾಗುಣಿತ ತಿದ್ದಬಹುದು. 'ಚೆನ್ನಾಗಿದೆ' ಇದ್ದದ್ದನ್ನು 'ತುಂಬಾ ಚೆನ್ನಾಗಿದೆ' ಮಾಡುವಂತಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದರೆ ಆ ಕನ್ನಡವನ್ನೇ ಅವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ಒಪ್ಪಿಗೆ ಕೇಳುವುದು

ಎಲ್ಲರಿಗೂ ಕಾಣುವಂತೆ ಬರೆದಿದ್ದಾರೆ ಅಂದ ಮಾತ್ರಕ್ಕೆ ಜಾಹೀರಾತಿಗೆ ಕೊಟ್ಟ ಹಾಗಲ್ಲ. ಆರ್ಡರ್ ಪುಸ್ತಕದಲ್ಲಿದ್ದ ನಂಬರಿಗೆ ಅತ್ತಿಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಇಷ್ಟು:

'ನಮಸ್ಕಾರ. ನೀವು ಮಾರ್ಚ್‌ನಲ್ಲಿ ಬರೆದ ಈ ಮಾತನ್ನು ನಮ್ಮ ಕರಪತ್ರದಲ್ಲಿ ಹಾಕಬಹುದಾ? ಹಾಕುವುದು ಇಷ್ಟೇ ಸಾಲು, ಕೆಳಗಿದೆ. 1,000 ಪ್ರತಿ, ಸಾಗರ ಮತ್ತು ಶಿವಮೊಗ್ಗದಲ್ಲಿ ಹಂಚುತ್ತೇವೆ. ಪೂರ್ತಿ ಹೆಸರು, ಬರೀ ಮೊದಲ ಅಕ್ಷರ, ಅಥವಾ ಊರು ಮಾತ್ರ, ಯಾವುದು ಇರಲಿ? ಬೇಡ ಅಂದರೂ ಬೇಜಾರಿಲ್ಲ. ಅಚ್ಚಿಗೆ ಹೋಗುವ ತನಕ ಮನಸ್ಸು ಬದಲಿಸಬಹುದು.'

ಒಪ್ಪಿಗೆಗೆ ಬದಲಾಗಿ ಒಂದು ಬಾಟಲಿ ಫ್ರೀ ಕೊಡುತ್ತೇನೆ ಅನ್ನಬೇಡಿ. ಆಗ ಅದು ಕೊಟ್ಟು ತಂದ ಹೊಗಳಿಕೆ. ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲ ಅಂತಲೇ ಲೆಕ್ಕ. ಹೂಂ ಅಂದವರ ಸ್ಕ್ರೀನ್‌ಶಾಟನ್ನು ತಾರೀಖು ಕಾಣುವಂತೆ ಎತ್ತಿಡಿ. ಫೇಸ್‌ಬುಕ್‌ಗೂ ಹಾಕುವುದಿದ್ದರೆ ಮತ್ತೆ ಕೇಳಿ, ಕರಪತ್ರಕ್ಕೆ ಕೊಟ್ಟದ್ದು ಕರಪತ್ರಕ್ಕೆ ಮಾತ್ರ.

ನಾವು ಕೇಳಿದ ಐವರಲ್ಲಿ ಮೂವರು ಒಪ್ಪಿದರು, ಒಬ್ಬರು ಮೌನ. ಐದನೆಯವರು 'ಹೆಸರು ಹಾಕ್ಬೇಡಿ, ಅತ್ತೆ ಓದಿದ್ರೆ ಮನೆ ಉಪ್ಪಿನಕಾಯಿ ಸಾಲ್ದಾ ಅಂತಾರೆ' ಅಂದರು. ಅವರ ಮಾತನ್ನು ಪೂರ್ತಿ ಬಿಟ್ಟೆವು. ಉಳಿದ ಮೂರರ ಕೆಳಗೆ ಒಂದು ಸಾಲು ಹಾಕಿಸಿದೆವು: '44 ಗ್ರಾಹಕರ ವಿಮರ್ಶೆಗಳಿಂದ ಆರಿಸಿದ್ದು, ಸರಾಸರಿ 4.0.' ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ, ಅದೂ ಕನ್ನಡದಲ್ಲೇ. ಡಬ್ಬಿಯ ಮುಚ್ಚಳವನ್ನು ಮಾತ್ರ ಮುಂದಿನ ಸೀಸನ್‌ಗೆ ಬದಲಾಯಿಸುತ್ತಿದ್ದಾರೆ.