ನಿಮಿಷ ಸರಿ, ಗಂಟೆ ತಪ್ಪು: ಫೋನಿನ ಗಡಿಯಾರ ಸರಿಪಡಿಸಿದ ಬಗೆ

ನನ್ನ ಫೋನಿನ ಗಡಿಯಾರ ಒಂದು ಗಂಟೆ ಮುಂದಿದ್ದರೂ ನಿಮಿಷಗಳು ಕರಾರುವಾಕ್ಕಾಗಿದ್ದವು. ಇದೇ ಮುಖ್ಯ ಸುಳಿವು: ಕೆಲವೇ ನಿಮಿಷಗಳಷ್ಟು ತಪ್ಪಿದ್ದರೆ ಸಮಯವನ್ನೇ ಶಂಕಿಸಬೇಕು, ಪೂರ್ಣ ಗಂಟೆಯಷ್ಟೇ ವ್ಯತ್ಯಾಸವಿದ್ದರೆ ದೋಷ ಬಹುತೇಕ ಕಾಲವಲಯದಲ್ಲಿರುತ್ತದೆ.

ಫೋನ್ ನೆಟ್‌ವರ್ಕಿನಲ್ಲಿ ನೋಂದಣಿಯಾದಾಗ ಅಲ್ಲಿಂದ ಎನ್‌ಐಟಿಜೆಡ್ ಎಂಬ ಸಂದೇಶ ಬರಬಹುದು (ಎಲ್ಲ ನೆಟ್‌ವರ್ಕ್‌ಗಳೂ ಇದನ್ನು ಕಳಿಸಲೇಬೇಕೆಂದಿಲ್ಲ). ಅದರಲ್ಲಿ ಯುಟಿಸಿ ಎಂಬ ಜಾಗತಿಕ ಮಾನಕ ಸಮಯವೂ, ಅದಕ್ಕೂ ಸ್ಥಳೀಯ ಸಮಯಕ್ಕೂ ಇರುವ ಅಂತರವನ್ನು 15 ನಿಮಿಷಗಳ ಘಟಕಗಳಲ್ಲಿ ಹೇಳುವ ಸಂಖ್ಯೆಯೂ ಇರುತ್ತವೆ. ಆದರೆ ವಲಯದ ಹೆಸರಿರುವುದಿಲ್ಲ. ಆದ್ದರಿಂದ ಫೋನ್ ಆ ಅಂತರವನ್ನೂ ನೆಟ್‌ವರ್ಕಿನ ದೇಶಸಂಕೇತವನ್ನೂ ಜೋಡಿಸಿ ವಲಯವನ್ನು ಊಹಿಸಿಕೊಳ್ಳುತ್ತದೆ.

ನಾನಿದ್ದ ಜಾಗ ಎರಡು ಕಾಲವಲಯಗಳು ಸೇರುವ ದೇಶಗಡಿಯ ಸಮೀಪವಿತ್ತು. ಸೆಟ್ಟಿಂಗ್ಸ್‌ನಲ್ಲಿ ನೆರೆದೇಶದ ವಲಯವೂ, ಪರದೆಯ ಮೇಲೆ ಅಲ್ಲಿನ ನೆಟ್‌ವರ್ಕಿನ ಹೆಸರೂ ಕಾಣಿಸಿದಾಗ, ಫೋನ್ ಗಡಿಯಾಚೆಯ ಟವರನ್ನು ಹಿಡಿದಿರುವುದು ಖಚಿತವಾಯಿತು. ಏರೋಪ್ಲೇನ್ ಮೋಡ್ ಹಾಕಿ ತೆಗೆದರೆ ಹೊಸದಾಗಿ ನೋಂದಣಿಯಾಗುತ್ತದೆ, ಆದರೆ ಅದು ಮತ್ತೆ ಅದೇ ಟವರಿಗೆ ಅಂಟಿಕೊಂಡಿತು. ಕೊನೆಗೆ ಸ್ವಯಂಚಾಲಿತ ಕಾಲವಲಯವನ್ನು ಮಾತ್ರ ನಿಲ್ಲಿಸಿ, ನನ್ನ ವಲಯವನ್ನು ಕೈಯಾರೆ ಆರಿಸಿದೆ. ಸ್ವಯಂಚಾಲಿತ ಸಮಯವನ್ನು ಹಾಗೆಯೇ ಉಳಿಸಿದ್ದರಿಂದ ನಿಮಿಷಗಳ ನಿಖರತೆ ಕೆಡಲಿಲ್ಲ. ಗಂಟೆಯನ್ನೇ ಕೈಯಿಂದ ಹಿಂದಕ್ಕೆ ತಿರುಗಿಸುವುದು ಸರಿಯಲ್ಲ, ಏಕೆಂದರೆ ಆಗ ಫೋನಿನೊಳಗಿನ ಯುಟಿಸಿಯೇ ತಪ್ಪಾಗುತ್ತದೆ. ಗಡಿಯಿಂದ ದೂರ ಬಂದ ಮೇಲೆ ಸ್ವಯಂಚಾಲಿತ ವಲಯವನ್ನು ಮತ್ತೆ ಚಾಲನೆಗೊಳಿಸಿದೆ.