ಡೈಪೋಲ್ ತೂಗಾಟದ ಲೆಕ್ಕ: ಎಡವುವುದು ಟಾರ್ಕಿನಲ್ಲಲ್ಲ

τ = pE sin θ ಅನ್ನೋದು ದ್ವಿತೀಯ ಪಿಯು ಮಕ್ಕಳಿಗೆಲ್ಲ ಬಾಯಿಪಾಠ. ಅದೇ ಡೈಪೋಲನ್ನು ಸ್ವಲ್ಪ ತಿರುಗಿಸಿ ಕೈಬಿಟ್ಟರೆ ಒಂದು ಪೂರ್ತಿ ಆಂದೋಲನಕ್ಕೆ ಎಷ್ಟು ಸೆಕೆಂಡ್ ಬೇಕು ಅಂತ ಕೇಳಿ ನೋಡಿ, ಅರ್ಧ ತರಗತಿ ತಡವರಿಸುತ್ತದೆ. ಉತ್ತರ ಪತ್ರಿಕೆಗಳಲ್ಲಿ ತಪ್ಪು ಬೀಳೋದು ಹೆಚ್ಚಾಗಿ ಎರಡೇ ಕಡೆ: ಮೈನಸ್ ಚಿಹ್ನೆ ಮತ್ತು ಮೊಮೆಂಟ್ ಆಫ್ ಇನರ್ಷಿಯಾ. ಹಾಗಾಗಿ ಉಳಿದದ್ದನ್ನು ಬೇಗ ಮುಗಿಸಿ ಅಲ್ಲಿ ನಿಧಾನ ಮಾಡೋಣ.

ಲೆಕ್ಕಕ್ಕೆ ಒಂದು ಡೈಪೋಲ್ ಇಟ್ಟುಕೊಳ್ಳಿ. 10 ಸೆಂ.ಮೀ. ಉದ್ದದ ತೀರಾ ಹಗುರವಾದ ಕಡ್ಡಿ, ಎರಡು ತುದಿಗೂ 1 ಗ್ರಾಂನ ಒಂದೊಂದು ಗುಂಡು. ಒಂದರ ಮೇಲೆ +1 ನ್ಯಾನೋ ಕೂಲಂಬ್, ಇನ್ನೊಂದರ ಮೇಲೆ −1. ಕಡ್ಡಿಯನ್ನು ಸಣ್ಣ ದಾರದಲ್ಲಿ ಅಡ್ಡಲಾಗಿ ತೂಗುಹಾಕಿದೆ. ಸುತ್ತ 10⁵ V/m ಏಕರೂಪದ ಕ್ಷೇತ್ರ, ಅದೂ ಅಡ್ಡಲಾಗಿಯೇ ಇದೆ. 20 ಸೆಂ.ಮೀ. ಅಂತರದ ಎರಡು ದೊಡ್ಡ ಫಲಕಗಳ ನಡುವೆ 20,000 ವೋಲ್ಟ್ ಕೊಟ್ಟರೆ ಇಷ್ಟು ಸಿಗುತ್ತದೆ. ದಾರದ ತಿರುಚನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಂದಹಾಗೆ, ಅಗ್ಗದ ಗೈಡುಗಳಲ್ಲಿ ಇಂಥ ಪುಟ್ಟ ಗುಂಡಿನ ಮೇಲೆ 1 ಮೈಕ್ರೋ ಕೂಲಂಬ್ ಕೂರಿಸಿಬಿಡುತ್ತಾರೆ. ಅಷ್ಟು ಚಾರ್ಜ್ ಅದರ ಮೇಲೆ ನಿಲ್ಲೋದೇ ಇಲ್ಲ, ಸುತ್ತಲ ಗಾಳಿಯಲ್ಲಿ ಕಿಡಿ ಹಾರಿ ಸೋರಿಹೋಗುತ್ತದೆ.

ಮೊದಲು p. ಚಾರ್ಜನ್ನು ಪೂರ್ತಿ ಅಂತರದಿಂದ ಗುಣಿಸಿ. ಪುಸ್ತಕದಲ್ಲಿ ಅಂತರವನ್ನು 2a ಅಂತ ಬರೆದಿದ್ದರೆ ಬರೀ a ಹಾಕಬೇಡಿ. ಇಲ್ಲಿ p = 10⁻⁹ × 0.1 = 10⁻¹⁰ C m. ದಿಕ್ಕು ಮೈನಸ್ ಗುಂಡಿನಿಂದ ಪ್ಲಸ್ ಗುಂಡಿನ ಕಡೆಗೆ. ಚಿತ್ರದಲ್ಲಿ ಬಾಣ ಹಾಕಿಯೇ ಮುಂದೆ ಹೋಗಿ, ಯಾಕಂದ್ರೆ θ ಎಂಬುದು ಈ ಬಾಣಕ್ಕೂ E ಗೂ ನಡುವಿನ ಕೋನ.

ಟಾರ್ಕ್. ಎರಡು ಗುಂಡುಗಳ ಮೇಲೂ qE ಬಲ, ಆದರೆ ವಿರುದ್ಧ ದಿಕ್ಕಿನಲ್ಲಿ. ಒಟ್ಟು ಬಲ ಸೊನ್ನೆ, ತಿರುಗಿಸುವ ಪರಿಣಾಮ ಮಾತ್ರ ಉಳಿಯುತ್ತದೆ. pE = 10⁻⁵ N m. ಕೋನ 30° ಇದ್ದರೆ ಅದರ ಅರ್ಧ. ಒಟ್ಟು ಬಲ ಸೊನ್ನೆ ಆದ್ದರಿಂದ ಯಾವ ಬಿಂದುವಿನ ಸುತ್ತ ಲೆಕ್ಕ ಹಾಕಿದರೂ ಟಾರ್ಕ್ ಅಷ್ಟೇ ಬರುತ್ತದೆ. ಈ ಮಾತು ಆಮೇಲೆ ಬೇಕಾಗುತ್ತದೆ.

ಪ್ರಚ್ಛನ್ನ ಶಕ್ತಿ. U = −pE cos θ. 30° ಯಲ್ಲಿ ಸುಮಾರು −8.7 × 10⁻⁶ ಜೌಲ್. ಇಲ್ಲಿ 90° ಯನ್ನು ಸೊನ್ನೆ ಅಂತ ನಾವೇ ಆರಿಸಿಕೊಂಡಿದ್ದೇವೆ ಅಷ್ಟೇ. ಅಲ್ಲಿ U ಸೊನ್ನೆ ಅಂದ ಮಾತ್ರಕ್ಕೆ ಡೈಪೋಲ್ ಸುಮ್ನೆ ನಿಲ್ಲುತ್ತದೆ ಅಂತಲ್ಲ. ಟಾರ್ಕ್ ಅತಿ ಜಾಸ್ತಿ ಇರೋದೇ 90° ಯಲ್ಲಿ. ಸುಮ್ನೆ ನಿಲ್ಲೋದು 0° ಮತ್ತು 180° ಯಲ್ಲಿ. ಅದರಲ್ಲೂ 0° ಯಲ್ಲಿ U ಅತಿ ಕಡಿಮೆ, ಹಾಗಾಗಿ ಸ್ವಲ್ಪ ತಳ್ಳಿದರೂ ವಾಪಸ್ ಬರುತ್ತದೆ. 180° ಯಲ್ಲಿ ತಳ್ಳಿದರೆ ಪೂರ್ತಿ ತಿರುಗಿಬಿಡುತ್ತದೆ.

ಈಗ ತೂಗಾಟ. ಇಲ್ಲಿ ನಿಧಾನ. ಡೈಪೋಲನ್ನು 0° ಯಿಂದ ಎಡಗಡೆ ತಿರುಗಿಸಿದರೆ ಟಾರ್ಕ್ ಬಲಗಡೆ ಎಳೆಯುತ್ತದೆ, ಬಲಗಡೆ ತಿರುಗಿಸಿದರೆ ಎಡಗಡೆ. ಅಂದರೆ ಟಾರ್ಕ್ ಯಾವಾಗಲೂ θ ಗೆ ವಿರುದ್ಧ. ಇಷ್ಟು ಹೊತ್ತು pE sin θ ಅಂತ ಬರೆದದ್ದು ಅದರ ಅಳತೆ ಮಾತ್ರ. ಚಲನೆಯ ಸಮೀಕರಣಕ್ಕೆ ದಿಕ್ಕೂ ಬೇಕು:

```
I d²θ/dt² = −pE sin θ
```

ಆ ಮೈನಸ್ ಬಿಟ್ಟರೆ ಕೋನ ಬೆಳೆಯುತ್ತಲೇ ಹೋಗುತ್ತದೆ, ತೂಗಾಟವೇ ಇರುವುದಿಲ್ಲ. ನಿಜ ಹೇಳಬೇಕೆಂದರೆ ಅದು 180° ಹತ್ತಿರದ ಸಮೀಕರಣ. ಕೆಲವರು ಮೊದಲ ಸಾಲಿನಲ್ಲಿ ಮೈನಸ್ ಮರೆತು, ಉತ್ತರ ಗೊತ್ತಿರೋದರಿಂದ ಕೊನೆಯ ಸಾಲಿನಲ್ಲಿ ಅದನ್ನು ತುರುಕುತ್ತಾರೆ. ಮೌಲ್ಯಮಾಪಕರಿಗೆ ಅದು ತಕ್ಷಣ ಕಾಣುತ್ತದೆ.

ಕೋನ ಚಿಕ್ಕದಿದ್ದರೆ sin θ ಬದಲು θ ಬರೆಯಬಹುದು, ಆದರೆ θ ರೇಡಿಯನ್‌ನಲ್ಲಿ ಇರಬೇಕು. 10° ಅಂದರೆ 0.1745 ರೇಡಿಯನ್, ಅದರ ಸೈನ್ 0.1736, ಪರವಾಗಿಲ್ಲ, ಅಲ್ವಾ? ಡಿಗ್ರಿಯಲ್ಲೇ 10 ಅಂತ ಇಟ್ಟುಕೊಂಡರೆ ಇದಕ್ಕೆ ಅರ್ಥವೇ ಇಲ್ಲ. ಈಗ ಸಮೀಕರಣ ಸರಳ ಸಂಗತ ಚಲನೆಯದ್ದು. ω² = pE/I, ಆಂದೋಲನದ ಅವಧಿ T = 2π√(I/pE).

ಉಳಿದದ್ದು I. ಎಲ್ಲರೂ ಜಾರುವ ಜಾಗ ಇದು. ಪ್ರತಿ ಗುಂಡು ತಿರುಗುವ ಅಕ್ಷದಿಂದ 5 ಸೆಂ.ಮೀ. ದೂರ. ಹಾಗಾಗಿ I = 2 × 0.001 × (0.05)² = 5 × 10⁻⁶ kg m². p ಗೆ ಪೂರ್ತಿ ಉದ್ದ, I ಗೆ ಅರ್ಧ ಉದ್ದ. ಎರಡಕ್ಕೂ ಒಂದೇ ಸಂಖ್ಯೆ ಹಾಕೋ ಅಭ್ಯಾಸ ಬಿಡಿ. pE/I = 2, ω = 1.41, T = 4.44 ಸೆಕೆಂಡ್. ಕಡ್ಡಿಗೂ ತೂಕ ಇದ್ದರೆ I ಗೆ ML²/12 ಸೇರಿಸಿ.

ಗುಂಡುಗಳ ತೂಕ ಬೇರೆ ಬೇರೆ ಇದ್ದರೆ? ಒಂದು 1 ಗ್ರಾಂ, ಇನ್ನೊಂದು 3 ಗ್ರಾಂ ಅನ್ನಿ. ಜೆಇಇ ಥರದ ಪರೀಕ್ಷೆಗಳಿಗೆ ಇದು ಒಳ್ಳೆಯ ಬಲೆ. ಹೆಚ್ಚಿನವರು ಕಡ್ಡಿಯ ಮಧ್ಯಬಿಂದುವನ್ನೇ ಹಿಡಿದು I = 10⁻⁵ ಅಂತ ಬರೆದು T = 6.28 ಸೆಕೆಂಡ್ ಅಂತ ಮುಗಿಸುತ್ತಾರೆ. ಆದರೆ ಈ ಕಡ್ಡಿಗೆ ದಾರ ಎಲ್ಲಿ ಕಟ್ಟುತ್ತೀರಿ ಯೋಚಿಸಿ. ಮಧ್ಯದಲ್ಲಿ ಕಟ್ಟಿದರೆ ಭಾರದ ಕಡೆ ವಾಲುತ್ತದೆ. ಅಡ್ಡಲಾಗಿ ನಿಲ್ಲಬೇಕಾದರೆ ದ್ರವ್ಯರಾಶಿ ಕೇಂದ್ರದಲ್ಲೇ ಕಟ್ಟಬೇಕು, ಅಂದರೆ ಭಾರದ ಗುಂಡಿನಿಂದ 2.5 ಸೆಂ.ಮೀ., ಹಗುರದ್ದರಿಂದ 7.5 ಸೆಂ.ಮೀ. ದಾರವೇ ಇಲ್ಲದೆ ಡೈಪೋಲ್ ಸ್ವತಂತ್ರವಾಗಿದ್ದರೂ ಅಷ್ಟೇ. ಕ್ಷೇತ್ರದಿಂದ ಒಟ್ಟು ಬಲ ಸೊನ್ನೆ, ಹಾಗಾಗಿ ದ್ರವ್ಯರಾಶಿ ಕೇಂದ್ರ ಅಲುಗುವುದಿಲ್ಲ, ಕಡ್ಡಿ ಅದರ ಸುತ್ತಲೇ ತಿರುಗುತ್ತದೆ. ಟಾರ್ಕ್ ಅಂತೂ ಯಾವ ಬಿಂದುವಿನ ಸುತ್ತಲೂ ಒಂದೇ. ಬದಲಾಗೋದು I ಮಾತ್ರ:

```
I = 0.003 × (0.025)² + 0.001 × (0.075)² = 7.5 × 10⁻⁶ kg m²
```

ಶಾರ್ಟ್‌ಕಟ್ ಬೇಕಿದ್ದರೆ m₁m₂/(m₁+m₂) ಅನ್ನು ಉದ್ದದ ವರ್ಗದಿಂದ ಗುಣಿಸಿ, ಇದೇ ಬರುತ್ತದೆ. ಶಾರ್ಟ್‌ಕಟ್‌ಗಳಲ್ಲಿ ನಾನು ಒಪ್ಪೋದು ಇದೊಂದನ್ನೇ. ಈಗ T = 5.44 ಸೆಕೆಂಡ್. ಮಧ್ಯಬಿಂದುವಿನ 6.28 ಸರಿಯಾಗೋದು ಯಾವಾಗ ಅಂದರೆ, ಕಡ್ಡಿಯ ನಡುವೆ ಲಂಬವಾದ ಮೊಳೆ ಹೊಡೆದು ಅದರ ಸುತ್ತ ಮಾತ್ರ ತಿರುಗುವಂತೆ ಮಾಡಿದ್ದರೆ. ಪ್ರಶ್ನೆಯಲ್ಲಿ ಸ್ವತಂತ್ರ ಅಂತ ಇದೆಯಾ, ಮಧ್ಯಕ್ಕೆ ಸಿಕ್ಕಿಸಿದೆ ಅಂತ ಇದೆಯಾ ಅನ್ನೋದನ್ನು ಓದಿಯೇ I ಬರೆಯಿರಿ.

ಉತ್ತರ ಬಂದ ಮೇಲೆ ಮಾನಗಳನ್ನು ನೋಡಿ. kg m² ಅನ್ನು ಜೌಲ್‌ನಿಂದ ಭಾಗಿಸಿದರೆ s² ಉಳಿಯಬೇಕು. ಭಿನ್ನರಾಶಿಯನ್ನು ತಲೆಕೆಳಗು ಬರೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಕ್ಷೇತ್ರ ನಾಲ್ಕು ಪಟ್ಟಾದರೆ T ಅರ್ಧ ಆಗಬೇಕು, ಅದನ್ನೂ ಒಮ್ಮೆ ಪರೀಕ್ಷಿಸಿ.

"ಸಣ್ಣ ಆಂದೋಲನ" ಅಂದರೆ ಎಷ್ಟು ಸಣ್ಣದು ಅಂತ ಕೇಳುವವರಿಗೆ: ನಮ್ಮ ಮೊದಲ ಡೈಪೋಲನ್ನು 30° ಗೆ ಎಳೆದು ಬಿಟ್ಟರೆ 4.44 ಬದಲು 4.52 ಸೆಕೆಂಡ್ ಆಗುತ್ತದೆ, ಅಂದರೆ ಶೇ 2ಕ್ಕಿಂತ ಕಡಿಮೆ ವ್ಯತ್ಯಾಸ. 90° ಯಿಂದ ಬಿಟ್ಟರೆ ಸುಮಾರು 5.24 ಸೆಕೆಂಡ್, ಶೇ 18 ಜಾಸ್ತಿ. 10° ಒಳಗಿದ್ದರೆ ಈ ಸೂತ್ರವನ್ನು ಧೈರ್ಯವಾಗಿ ಹಾಕಿ. 90° ಗೆ ಹಾಕಬೇಡಿ; ಅಲ್ಲಿ ಪ್ರಶ್ನೆ ಕೇಳೋದು ಹೆಚ್ಚಾಗಿ ನಡುವೆ ಹಾದುಹೋಗುವಾಗಿನ ಕೋನೀಯ ವೇಗ, ಅದಕ್ಕೆ ½Iω² = pE ಅಂತ ಶಕ್ತಿಯನ್ನು ಸಮ ಮಾಡಿದರೆ ಒಂದೇ ಸಾಲಿನಲ್ಲಿ 2 rad/s ಬರುತ್ತದೆ. ಈ ω ತೂಗಾಡುವಾಗ ಕ್ಷಣಕ್ಷಣಕ್ಕೂ ಬದಲಾಗುವ ವೇಗ. ಮೇಲೆ T ಗಾಗಿ ಬರೆದ 1.41 ಬೇರೆ, ಅದು ಬದಲಾಗುವುದಿಲ್ಲ. ಎರಡಕ್ಕೂ ಒಂದೇ ಅಕ್ಷರ ಇರೋದರಿಂದ ಒಂದಕ್ಕೆ ω₀ ಅಂತ ಬರೆದುಕೊಳ್ಳಿ.