ತಮ್ಮನ ಹುಟ್ಟುಹಬ್ಬಕ್ಕೆ ಅಕ್ಕ ಬರೆಯುವ ಪೋಸ್ಟ್: ತೌಡಿನಿಂದ ಶುರು ಮಾಡಿ

‘ಪ್ರೀತಿಯ ಸಹೋದರನಿಗೆ ಜನ್ಮದಿನದ ಹಾರ್ದಿಕ ಶುಭಾಶಯಗಳು’ ಎಂದು ಬರೆದರೆ ಅದು ಸರ್ಕಲ್ಲಿನಲ್ಲಿ ಕಟ್ಟಿದ ಫ್ಲೆಕ್ಸ್‌ನಂತೆ ಕಾಣುತ್ತದೆ. ಕೆಳಗೆ ‘ಶುಭ ಕೋರುವವರು’ ಎಂದು ಸೇರಿಸುವುದಷ್ಟೇ ಬಾಕಿ. ಅಕ್ಕ ತಮ್ಮನನ್ನು ಮನೆಯಲ್ಲಿ ಏನೆಂದು ಕರೆಯುತ್ತಾಳೋ ಪೋಸ್ಟಿನ ಮೊದಲ ಪದವೂ ಅದೇ ಆಗಬೇಕು: ‘ಲೋ’, ‘ಪುಟ್ಟ’, ಧಾರವಾಡದ ಕಡೆಯಾದರೆ ‘ಲೇ ತಮ್ಮಾ’. ಈ ಒಂದು ಪದ ಸರಿಹೋದರೆ ಮುಂದಿನ ವಾಕ್ಯಗಳು ತಾವಾಗಿ ಆಡುಮಾತಿಗೆ ಇಳಿಯುತ್ತವೆ.

ಮೊದಲು ಹಳೆಯ ಕೀಟಲೆಗಳನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ನೆನಪಾಗದಿದ್ದರೆ ವಸ್ತುಗಳನ್ನು ಹಿಡಿದು ಹುಡುಕಿ: ಬಸ್ಸಿನ ಕಿಟಕಿ ಸೀಟು, ಹಾಲಿನ ಕೆನೆ, ಟಿವಿ ರಿಮೋಟು, ಒಳಪೆಡಲ್ ತುಳಿದ ಅಪ್ಪನ ಸೈಕಲ್ಲು, ಟೂ ಬಿಟ್ಟ ದಿನಗಳು. ಹತ್ತು ಸಿಕ್ಕರೂ ಬಳಸುವುದು ಒಂದನ್ನೇ, ಹೆಚ್ಚೆಂದರೆ ಎರಡನ್ನು. ಹತ್ತನ್ನೂ ಸುರಿದರೆ ಅದು ದೂರಿನ ಪಟ್ಟಿಯಾಗುತ್ತದೆ, ಯಾವುದಕ್ಕೂ ನಗು ಬರುವುದಿಲ್ಲ.

ಯಾವುದನ್ನು ಆರಿಸುವುದು? ಅಕ್ಕನೂ ಸ್ವಲ್ಪ ಸಿಕ್ಕಿಬೀಳುವಂಥದ್ದನ್ನು. ತಮ್ಮನೊಬ್ಬನೇ ಪೆದ್ದನಾದರೆ ಅದು ಗೇಲಿ. ಅವನನ್ನು ನಂಬಿಸಿ ಅಕ್ಕ ಏಟು ತಿಂದಿದ್ದರೆ ಇಬ್ಬರೂ ಸೇರಿ ನಗಬಹುದು. ಹಾಸಿಗೆ ಒದ್ದೆ ಮಾಡಿಕೊಂಡಿದ್ದು, ಮೈಬಣ್ಣ, ಫೇಲಾದ ವರ್ಷ ಇವುಗಳನ್ನು ಬಿಟ್ಟುಬಿಡಿ. ಪೋಸ್ಟನ್ನು ಅವನ ಆಫೀಸಿನವರೂ ಹೆಣ್ಣು ಕೊಟ್ಟ ಮಾವನೂ ಓದುತ್ತಾರೆ. ಅವನ ಹೆಂಡತಿಯ ಎದುರು ಅಮ್ಮ ಯಾವುದನ್ನು ನಗುತ್ತಾ ಹೇಳಿಯಾಳೋ ಅದು ಹಾಕಬಹುದಾದ ಜೋಕು.

‘ನಿನ್ನನ್ನು ತೌಡು ಕೊಟ್ಟು ತಂದಿದ್ದು’ ಎಂಬ ಕೀಟಲೆಯನ್ನೇ ತೆಗೆದುಕೊಳ್ಳೋಣ. ಬಹಳಷ್ಟು ಮನೆಗಳಲ್ಲಿ ಕಿರಿಯ ಮಕ್ಕಳು ಇದನ್ನು ಕೇಳಿ ಅತ್ತಿರುತ್ತಾರೆ. ಹಾಗಾಗಿ ಬರೀ ‘ನೀನು ತೌಡಿಗೆ ತಂದವನು’ ಎಂದರೆ ಅದು ಯಾರ ತಮ್ಮನಾದರೂ ಆದಾನು. ಅದನ್ನು ನಂಬಿ ಅವನು ಏನು ಮಾಡಿದ ಎಂಬುದನ್ನು ಹೇಳಿದಾಗ ಮಾತ್ರ ಅವನು ನಿಮ್ಮ ತಮ್ಮನಾಗುತ್ತಾನೆ. ಇಪ್ಪತ್ತೆಂಟು ತುಂಬಿದ, ಊರು ಬಿಟ್ಟು ಕೆಲಸಕ್ಕೆ ಹೋದ ಒಬ್ಬ ತಮ್ಮನಿಗೆ ಹೀಗೆ ಬರೆಯಬಹುದು:

‘ಲೋ ಪುಟ್ಟ, ಎರಡು ಸೇರು ತೌಡು ಕೊಟ್ಟು ನಿನ್ನ ತಗೊಂಡು ಇವತ್ತಿಗೆ 28 ವರ್ಷ.

ಅವರು ತೌಡು ವಾಪಸ್ ಕೊಟ್ಟು ನಿನ್ನ ಕರ್ಕೊಂಡು ಹೋಗ್ತಾರೆ ಅಂತ ನಾನು ಹೇಳಿದ್ದೆ. ಹಸುವಿಗೆ ಅಂತ ಮನೆಗೆ ತೌಡಿನ ಮೂಟೆ ಬಂದ ದಿನ ನೀನು ಹೋಗಿ ಮಂಚದ ಕೆಳಗೆ ಸೇರಿಕೊಂಡೆ. ಮೂಟೆ ಇಳಿಸಿ ಅವರು ಹೋದರೂ ಈಚೆ ಬರಲಿಲ್ಲ. ಅಮ್ಮನ ಕೈಲಿ ಎರಡೇಟು ತಿಂದು, ನಾನೇ ಮಂಚದ ಕೆಳಗೆ ತೂರಿ, ಪೆಪ್ಪರಮೆಂಟನ್ನ ಲಂಗದಲ್ಲಿ ಸುತ್ತಿ ಕಚ್ಚಿ, ಕಾಗೆ ಎಂಜಲು ಮಾಡಿ ದೊಡ್ಡ ತುಂಡು ನಿನಗೆ ಕೊಟ್ಟೆ. ಅದು ದೊಡ್ಡದು ಅಂತ ನೀನು ಇವತ್ತಿಗೂ ಒಪ್ಪಲ್ಲ.

ಈಗ ಗೌರಿ ಹಬ್ಬಕ್ಕೆ ಬಾಗಿನ ಹಿಡ್ಕೊಂಡು ರಾತ್ರಿ ಬಸ್ಸಲ್ಲಿ ನಿಂತು ಬರೋನೂ ನೀನೇ. ತೌಡು ದಂಡ ಆಗಲಿಲ್ಲ ಕಣೋ. ನೂರು ಕಾಲ ಚೆನ್ನಾಗಿರು.’

ಇಲ್ಲಿ ‘ಐ ಲವ್ ಯೂ ತಮ್ಮ’ ಎಂದಿಲ್ಲ, ‘ನೀನು ನನ್ನ ಪ್ರಾಣ’ ಎಂದೂ ಇಲ್ಲ. ಪ್ರೀತಿಯೆಲ್ಲ ಪೆಪ್ಪರಮೆಂಟಿನ ತುಂಡಿನಲ್ಲಿದೆ, ನಿಂತು ಬಂದ ಬಸ್ಸಿನಲ್ಲಿದೆ. ಕೊನೆಗೆ ತೌಡು ಮತ್ತೆ ಬರುವುದರಿಂದ ಕೀಟಲೆಯೇ ಹರಕೆಯಾಗಿ ತಿರುಗುತ್ತದೆ. ಬಹಳ ಜನ ಎಡವುವುದು ಈ ತಿರುವಿನಲ್ಲೇ: ಜೋಕು ಮುಗಿಸಿ ‘ತಮಾಷೆ ಪಕ್ಕಕ್ಕಿರಲಿ’ ಎಂದು ಭಾಷಣ ಶುರು ಮಾಡುತ್ತಾರೆ. ತಮಾಷೆಯನ್ನು ಪಕ್ಕಕ್ಕಿಟ್ಟ ಕೂಡಲೇ ಮಾತಾಡುವವಳು ಅಕ್ಕ ಅನ್ನಿಸುವುದಿಲ್ಲ, ಸಭೆಯ ಅಧ್ಯಕ್ಷೆಯಾಗಿಬಿಡುತ್ತಾಳೆ.

ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ಫೋನಿನಲ್ಲಿ ಅವನಿಗೆ ಹೇಳಲಾಗದ ಪದ ಸಿಕ್ಕರೆ ಬದಲಿಸಿ.

ಎಲ್ಲಿ ಹಾಕುವುದೆಂಬುದೂ ಮುಖ್ಯ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ, ಅಲ್ಲಿಗೆ ಮೊದಲ ಸಾಲು ಮತ್ತು ಒಂದು ಫೋಟೊ ಸಾಕು. ಪೂರ್ತಿ ಬರಹ ಫೇಸ್‌ಬುಕ್ಕಿಗೋ ಮನೆಯವರ ಗ್ರೂಪಿಗೋ ಹೋಗಲಿ. ಇನ್‌ಸ್ಟಾಗ್ರಾಮಿನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಂಡು ಉಳಿದದ್ದು ಮಡಚಿಕೊಳ್ಳುತ್ತದೆ. ಅದಕ್ಕೇ ತೌಡನ್ನು ಮೊದಲ ಸಾಲಿಗೆ ತಂದಿರುವುದು. ಫೋಟೊಗೆ ಸ್ಟುಡಿಯೋದಲ್ಲಿ ನೆಟ್ಟಗೆ ಕೂರಿಸಿ ತೆಗೆದದ್ದಕ್ಕಿಂತ, ಅಕ್ಕನ ಸೊಂಟದಲ್ಲಿ ಅವನು ಜಾರುತ್ತಿರುವ ಹಳೆಯ ಪ್ರಿಂಟು ಒಳ್ಳೆಯದು. ಹಳೆಯ ಫೋಟೊಗಳ ಹೊಳಪಿನ ಮೇಲೆ ಟ್ಯೂಬ್‌ಲೈಟ್ ಮಿಂಚು ಬೀಳುತ್ತದೆ, ಹಾಗಾಗಿ ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ಇಟ್ಟು, ಫ್ಲ್ಯಾಷ್ ಆಫ್ ಮಾಡಿ, ನೇರ ಮೇಲಿನಿಂದ ಕ್ಲಿಕ್ ಮಾಡಿ.

ಹಾಕುವ ಮುನ್ನ ಅಮ್ಮನಿಗೊಮ್ಮೆ ಓದಿ ಹೇಳಿ. ‘ಎರಡಲ್ಲ, ನಾಲ್ಕೇಟು ಕೊಟ್ಟಿದ್ದೆ’ ಎಂದು ಅವರು ತಿದ್ದಿದರೆ ಅದನ್ನೂ ಸೇರಿಸಿ.